ಪದರಗಳ ಚಿತ್ರ ಬರೆಯುವ ಬಗೆ: 71 ಬೈಟ್‌ಗಳ ಒಂದು ಪ್ಯಾಕೆಟ್

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

ಕಂಪ್ಯೂಟರ್ ಜಾಲಗಳ ಪಾಠ ಶುರುವಾದ ಕೆಲವೇ ದಿನಗಳಲ್ಲಿ ಬೋರ್ಡಿನ ಮೇಲೆ ಒಂದು ಚಿತ್ರ ಬರುತ್ತದೆ. ಒಂದರ ಮೇಲೊಂದು ಪೇರಿಸಿದ ಏಳು ಚೌಕಗಳು, ಒಂದೊಂದರೊಳಗೆ ಒಂದೊಂದು ಹೆಸರು. 1984ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಹೊರಬಂದ ಓಎಸ್‌ಐ ಮಾದರಿಯ ಚಿತ್ರ ಅದು. ಉಪನ್ಯಾಸಕರು ಆ ಚೌಕಗಳನ್ನು ಮುಂದಿಟ್ಟುಕೊಂಡು ಒಂದು ತಾಸು ಮಾತಾಡುತ್ತಾರೆ. ಮೇಲಿನ ಪದರ ಕೊಟ್ಟದ್ದಕ್ಕೆ ಕೆಳಗಿನ ಪದರ ತನ್ನ ಹೆಡರ್ ಸೇರಿಸುತ್ತದೆ, ಆ ಕಡೆ ತಲುಪಿದ ಮೇಲೆ ಒಂದೊಂದೇ ಹೆಡರ್ ಕಳಚುತ್ತದೆ ಎಂದು ವಿವರಿಸುತ್ತಾರೆ. ವಿದ್ಯಾರ್ಥಿ ಏಳು ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾನೆ. ಆದರೆ ದಾರಿಯ ನಡುವೆ ಸಿಗುವ ರೌಟರ್ ಈ ಚೌಕಗಳಲ್ಲಿ ಯಾವುದನ್ನು ತೆರೆದು ನೋಡುತ್ತದೆ, ಯಾವುದನ್ನು ತಿದ್ದುತ್ತದೆ ಎಂದು ಕೇಳಿದರೆ ಆ ಚಿತ್ರದಿಂದ ಅವನಿಗೆ ಉತ್ತರ ಸಿಗುವುದಿಲ್ಲ.

ಕೊರತೆ ಇರುವುದು ಉಪನ್ಯಾಸದಲ್ಲಿ ಅಲ್ಲ. ಆ ಒಂದು ತಾಸಿನ ಮಾತಿನಲ್ಲಿ ಸೇರಿಸು, ಓದು, ತಿದ್ದು, ಕಳಚು ಎಂಬ ಕ್ರಿಯೆಗಳು ಮತ್ತೆ ಮತ್ತೆ ಬಂದಿರುತ್ತವೆ. ಬೋರ್ಡಿಗೆ ಇಳಿಯುವ ಹೊತ್ತಿಗೆ ಕ್ರಿಯೆಗಳೆಲ್ಲ ಉದುರಿ ಹೆಸರುಗಳಷ್ಟೇ ಉಳಿಯುತ್ತವೆ. ಪದರಗಳ ಒಳ್ಳೆಯ ಚಿತ್ರದಲ್ಲಿ ಪ್ರತಿ ಹೆಡರಿನ ಪ್ರತಿ ಫೀಲ್ಡಿನ ಪಕ್ಕದಲ್ಲಿ ಅದನ್ನು ಓದುವವರು ಯಾರು, ಬದಲಿಸುವವರು ಯಾರು ಎಂಬುದು ಕಾಣಬೇಕು. ಅದು ಕಾಣುವಂತೆ ಬರೆಯುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ. ಅದಕ್ಕೆ ಬೇಕಾಗಿರುವುದು ಒಂದೇ ಒಂದು ನಿಜವಾದ ಪ್ಯಾಕೆಟ್.

ಉದಾಹರಣೆಗೆ ಟಿಸಿಪಿಯನ್ನು ಆರಿಸಿಕೊಂಡರೆ ಮೊದಲ ಅಕ್ಷರ ಹೋಗುವ ಮುನ್ನವೇ ಮೂರು ಪ್ಯಾಕೆಟ್‌ಗಳ ಕೈಕುಲುಕಾಟ ನಡೆಯಬೇಕು. ಚಿತ್ರ ಅಲ್ಲಿಯೇ ಜಟಿಲವಾಗುತ್ತದೆ. ಡಿಎನ್‌ಎಸ್ ಪ್ರಶ್ನೆ ಹಾಗಲ್ಲ. ಹೆಸರು ಕೊಟ್ಟು ವಿಳಾಸ ಕೇಳುವ ಆ ಪ್ರಶ್ನೆ ಯುಡಿಪಿಯ ಮೇಲೆ ಒಂದೇ ಪ್ಯಾಕೆಟ್ಟಿನಲ್ಲಿ ಹೋಗುತ್ತದೆ, ಉತ್ತರವೂ ಸಾಮಾನ್ಯವಾಗಿ ಒಂದೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಒಂದು ಕಾಲೇಜಿನ ಲ್ಯಾಬ್ ಎಂದಿಟ್ಟುಕೊಳ್ಳೋಣ. ವಿದ್ಯಾರ್ಥಿಯ ಕಂಪ್ಯೂಟರಿನ ವಿಳಾಸ 192.168.1.10, ಮಾಸ್ಕ್ 255.255.255.0. ಅದನ್ನು ಒಂದು ಸ್ವಿಚ್‌ಗೆ ಜೋಡಿಸಿದೆ, ಸ್ವಿಚ್ಚನ್ನು ಒಂದು ರೌಟರ್‌ಗೆ. ರೌಟರ್‌ನ ಆಚೆ ಬದಿಯಲ್ಲಿ 192.168.2.53 ಎಂಬ ವಿಳಾಸದಲ್ಲಿ ಡಿಎನ್‌ಎಸ್ ಸರ್ವರ್ ಇದೆ. ಕಂಪ್ಯೂಟರಿನಲ್ಲಿ ಎರಡು ಟರ್ಮಿನಲ್ ತೆರೆದು, ಒಂದರಲ್ಲಿ ಮೊದಲ ಆಜ್ಞೆಯನ್ನು ಓಡಲು ಬಿಟ್ಟು, ಇನ್ನೊಂದರಲ್ಲಿ ಎರಡನೆಯದನ್ನು ಕೊಡಬೇಕು.

```
sudo tcpdump -e -n -XX -i eth0 'arp or udp port 53'
dig +noedns @192.168.2.53 example.com
```

`tcpdump` 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ವ್ಯಾನ್ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಸೇರಿ ಬರೆದ ಉಪಕರಣ. 1994ರಲ್ಲಿ ಬಂದ ರಿಚರ್ಡ್ ಸ್ಟೀವನ್ಸ್ ಅವರ ‘ಟಿಸಿಪಿ/ಐಪಿ ಇಲಸ್ಟ್ರೇಟೆಡ್’ ಇದೇ ಉಪಕರಣದ ಮುದ್ರಣಗಳನ್ನು ಪಾಠದ ನಡುವೆ ಇಟ್ಟು ಕಲಿಸಿತು. ಆ ಪುಸ್ತಕ ಇವತ್ತಿಗೂ ಹಳೆಯದೆನಿಸದಿರುವುದಕ್ಕೆ ಅದೂ ಒಂದು ಕಾರಣ. ಆಜ್ಞೆಯಲ್ಲಿರುವ `-e` ಎತರ್‌ನೆಟ್ ಹೆಡರನ್ನೂ ತೋರಿಸು ಎನ್ನುತ್ತದೆ, `-XX` ಆ ಹೆಡರಿನಿಂದಲೇ ಶುರುಮಾಡಿ ಎಲ್ಲ ಬೈಟ್‌ಗಳನ್ನೂ ಮುದ್ರಿಸು ಎನ್ನುತ್ತದೆ. ಎರಡನೆಯ ಸಾಲಿನ `+noedns` ಬಿಟ್ಟರೆ ಪ್ರಶ್ನೆಯ ಬಾಲಕ್ಕೆ ಇನ್ನಷ್ಟು ಬೈಟ್‌ಗಳು ಅಂಟಿಕೊಳ್ಳುತ್ತವೆ. ಮೊದಲ ಚಿತ್ರಕ್ಕೆ ಅವು ಬೇಡ.

ಮುದ್ರಣ ಬರುವುದು ಸಾಲಿಗೆ 16 ಬೈಟ್‌ನಂತೆ. ಹೆಡರ್‌ಗಳು ಎಲ್ಲಿ ಮುಗಿಯುತ್ತವೆ ಎಂಬುದನ್ನು ಅದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮೊದಲ ಸಾಲಿನ ಕೊನೆಯ ಎರಡು ಬೈಟ್‌ಗಳು ಆಗಲೇ ಐಪಿ ಹೆಡರಿಗೆ ಸೇರಿರುತ್ತವೆ. ಹಾಗಾಗಿ ವಿದ್ಯಾರ್ಥಿಯ ಮೊದಲ ಕೆಲಸ ಸಾಲುಗಳನ್ನು ಬೇಕಾದಲ್ಲಿ ಕತ್ತರಿಸಿ ಬರೆಯುವುದು. ಕತ್ತರಿಸಿದಾಗ ಪ್ಯಾಕೆಟ್ ಹೀಗಿರುತ್ತದೆ. ಎತರ್‌ನೆಟ್ ವಿಳಾಸಗಳು ಕಣ್ಣಿಗೆ ಸುಲಭವಾಗಲೆಂದು ಸರಳವಾದವುಗಳನ್ನು ಇಟ್ಟಿದೆ.

```
02 00 00 00 01 01  02 00 00 00 01 0a  08 00

45 00 00 39  1c 46 00 00  40 11 d9 de
c0 a8 01 0a  c0 a8 02 35

cf 84 00 35  00 25 a1 4d

3a 7f 01 20  00 01 00 00  00 00 00 00
07 65 78 61  6d 70 6c 65  03 63 6f 6d  00
00 01 00 01
```

ಎತರ್‌ನೆಟ್ ಹೆಡರ್ 14 ಬೈಟ್, ಐಪಿ 20, ಯುಡಿಪಿ 8, ಡಿಎನ್‌ಎಸ್ ಪ್ರಶ್ನೆ 29. ಒಟ್ಟು 71. ಈ ನಾಲ್ಕು ತುಂಡುಗಳೇ ಚಿತ್ರದ ನಾಲ್ಕು ಪದರ. 1989ರ ಆರ್‌ಎಫ್‌ಸಿ 1122 ಅಂತರಜಾಲದ ಯಂತ್ರಗಳಿಗೆ ವಿಧಿಸಿದ್ದೂ ನಾಲ್ಕೇ ಪದರಗಳನ್ನು: ಲಿಂಕ್, ಇಂಟರ್‌ನೆಟ್, ಟ್ರಾನ್ಸ್‌ಪೋರ್ಟ್, ಅಪ್ಲಿಕೇಶನ್. ಏಳು ಚೌಕದ ಚಿತ್ರ ಹಿಡಿದುಕೊಂಡು ಈ ಬೈಟ್‌ಗಳಲ್ಲಿ ಸೆಷನ್ ಪದರದ ಹೆಡರ್ ಹುಡುಕುವ ವಿದ್ಯಾರ್ಥಿಗೆ ಅದು ಎಂದಿಗೂ ಸಿಗುವುದಿಲ್ಲ.

ಕತ್ತರಿ ಎಲ್ಲಿ ಹಾಕಬೇಕೆಂದು ಗೊತ್ತಾದದ್ದು ಹೇಗೆ? ಚಿತ್ರದ ಜೀವಾಳ ಈ ಪ್ರಶ್ನೆಯಲ್ಲಿದೆ. ಪ್ರತಿ ಹೆಡರಿನಲ್ಲೂ ತನ್ನೊಳಗೆ ಇರುವುದು ಯಾರ ಸರಕು ಎಂದು ಹೇಳುವ ಒಂದು ಫೀಲ್ಡ್ ಇದೆ. ಎತರ್‌ನೆಟ್ ಹೆಡರಿನ ಕೊನೆಯ ಎರಡು ಬೈಟ್ `08 00`, ಅಂದರೆ ಮುಂದಿರುವುದು ಐಪಿಯ ನಾಲ್ಕನೆಯ ಆವೃತ್ತಿ. ಅಲ್ಲಿ `08 06` ಇದ್ದರೆ ಎಆರ್‌ಪಿ, `86 dd` ಇದ್ದರೆ ಐಪಿಯ ಆರನೆಯ ಆವೃತ್ತಿ. ಐಪಿ ಹೆಡರಿನ ಹತ್ತನೆಯ ಬೈಟ್ `11`, ದಶಮಾನದಲ್ಲಿ 17, ಅಂದರೆ ಯುಡಿಪಿ. ಟಿಸಿಪಿ ಆಗಿದ್ದರೆ ಅಲ್ಲಿ 6 ಇರುತ್ತಿತ್ತು. ಯುಡಿಪಿ ಹೆಡರಿನ ಮೂರನೆಯ ಮತ್ತು ನಾಲ್ಕನೆಯ ಬೈಟ್ `00 35`, ಅಂದರೆ 53ನೆಯ ಪೋರ್ಟ್, ಡಿಎನ್‌ಎಸ್ ಕಾಯುತ್ತಿರುವ ಬಾಗಿಲು. ಈ ಮೂರು ಫೀಲ್ಡ್‌ಗಳಿಗೆ ಒಂದೇ ಬಣ್ಣ ಹಚ್ಚಿ, ಒಂದೊಂದರಿಂದ ಮೇಲಿನ ಪದರಕ್ಕೆ ಬಾಣ ಎಳೆದರೆ ಪೇರಿಸಿಟ್ಟ ಚೌಕಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಉಪನ್ಯಾಸದಲ್ಲಿ ‘ಮೇಲಿನ ಪದರಕ್ಕೆ ಒಪ್ಪಿಸುತ್ತದೆ’ ಎಂದು ಹೇಳಿದ ಪ್ರತಿ ಜಾಗದಲ್ಲೂ ಕಾಗದದ ಮೇಲೆ ಇಂಥ ಒಂದು ಬಾಣ ಇರಬೇಕು.

ಅಳತೆಗಳಿಗೂ ಅಷ್ಟೇ ಗಮನ ಬೇಕು. ಐಪಿ ಹೆಡರಿನ ಮೊದಲ ಬೈಟ್ `45`ರಲ್ಲಿ ಎರಡು ಫೀಲ್ಡ್‌ಗಳು ಅಡಗಿವೆ: 4 ಆವೃತ್ತಿ, 5 ಹೆಡರಿನ ಉದ್ದ. ಆ 5 ಬೈಟ್‌ಗಳ ಲೆಕ್ಕವಲ್ಲ, ನಾಲ್ಕು ಬೈಟ್‌ಗಳ ಸಾಲಿನ ಲೆಕ್ಕ. ಐದು ಸಾಲು ಎಂದರೆ 20 ಬೈಟ್. 1981ರ ಆರ್‌ಎಫ್‌ಸಿ 791 ಈ ಹೆಡರನ್ನು 32 ಬಿಟ್ ಅಗಲದ ಐದು ಸಾಲುಗಳಾಗಿ, ಬರೀ ಪ್ಲಸ್ ಮತ್ತು ಮೈನಸ್ ಚಿಹ್ನೆಗಳಿಂದ ಗೆರೆ ಎಳೆದು ಬರೆದಿದೆ (ಆಯ್ಕೆಯ ಫೀಲ್ಡ್‌ಗಳ ಸಾಲು ಬೇರೆ). ಅದಕ್ಕಿಂತ ಚೆನ್ನಾಗಿ ಬರೆಯಲು ಹೋಗುವ ಅಗತ್ಯವಿಲ್ಲ. `00 39` ಒಟ್ಟು ಉದ್ದ, 57. ಯುಡಿಪಿಯ `00 25` ಅದರ ಉದ್ದ, 37. ಐವತ್ತೇಳರಲ್ಲಿ ಇಪ್ಪತ್ತು ಕಳೆದರೆ ಮೂವತ್ತೇಳು, ಅದರಲ್ಲಿ ಎಂಟು ಕಳೆದರೆ ಇಪ್ಪತ್ತೊಂಬತ್ತು. ಈ ಲೆಕ್ಕ ಕೂಡಿಬಂದರೆ ಕತ್ತರಿ ಸರಿಯಾದ ಜಾಗದಲ್ಲಿ ಬಿದ್ದಿದೆ.

ಕೈತಪ್ಪುವ ಇನ್ನೊಂದು ಜಾಗವಿದೆ. ಐಪಿ ಹೆಡರಿನಲ್ಲಿ ಕಳಿಸಿದವರ ವಿಳಾಸ ಮೊದಲು, ಪಡೆಯುವವರದು ಆಮೇಲೆ. ಎತರ್‌ನೆಟ್‌ನಲ್ಲಿ ತಿರುವುಮುರುವು, ಪಡೆಯುವವರದೇ ಮೊದಲು. ತಂತಿಯಲ್ಲಿ ಬರುವ ಮೊದಲ ಆರು ಬೈಟ್ ನೋಡಿದೊಡನೆ ಈ ಫ್ರೇಮ್ ತನಗೆ ಬೇಕೇ ಬೇಡವೇ ಎಂದು ಕಾರ್ಡ್ ತೀರ್ಮಾನಿಸಲು ಇದರಿಂದ ಅನುಕೂಲ. ನೋಡದೆ ನೆನಪಿನಿಂದ ಬರೆದ ಚಿತ್ರಗಳಲ್ಲಿ ಎರಡೂ ಹೆಡರ್‌ಗಳ ಕ್ರಮ ಒಂದೇ ಆಗಿಬಿಡುತ್ತದೆ.

ಇನ್ನು ಪ್ಯಾಕೆಟ್ ನಡೆಯಬೇಕು. ಚಿತ್ರವನ್ನು ಈಗ ಅಡ್ಡಲಾಗಿ ಬೆಳೆಸಬೇಕಾಗುತ್ತದೆ. ಕಾಗದದ ಎಡದಲ್ಲಿ ಕಂಪ್ಯೂಟರ್, ನಡುವೆ ಸ್ವಿಚ್ ಮತ್ತು ರೌಟರ್, ಬಲದಲ್ಲಿ ಸರ್ವರ್. ಕಂಪ್ಯೂಟರ್ ಮತ್ತು ಸರ್ವರ್‌ಗಳ ಕಂಬ ನಾಲ್ಕು ಪದರದ ಎತ್ತರ. ಸ್ವಿಚ್‌ನದು ಒಂದೇ ಪದರ. ರೌಟರ್‌ನದು ಎರಡು, ಅದರ ಕೆಳಪದರ ಎಡ ಬಲ ಎಂದು ಎರಡು ಕಾಲುಗಳಾಗಿ ಸೀಳಿರುತ್ತದೆ. ಕುರೋಸ್ ಮತ್ತು ರಾಸ್ ಅವರ ಪಠ್ಯಪುಸ್ತಕದಲ್ಲಿ ಹೀಗೆ ಎತ್ತರ ಬೇರೆ ಬೇರೆ ಇರುವ ಕಂಬಗಳ ಚಿತ್ರವಿದೆ. ಏಳು ಚೌಕದ ಒಂಟಿ ಕಂಬಕ್ಕಿಂತ ಅದು ಎಷ್ಟೋ ಮೇಲು. ಅದಕ್ಕೆ ಮೇಲಿನ 71 ಬೈಟ್‌ಗಳನ್ನು ಪೋಣಿಸಿದರೆ ನಡಿಗೆ ಸಿದ್ಧವಾಗುತ್ತದೆ.

ಕಂಪ್ಯೂಟರ್ ಮೊದಲು ತನ್ನ ಮಾಸ್ಕ್ ಹಿಡಿದು ನೋಡುತ್ತದೆ. 192.168.2.53 ತನ್ನ ಜಾಲದ ಒಳಗಿಲ್ಲ, ಆದ್ದರಿಂದ ಪ್ಯಾಕೆಟ್ಟನ್ನು ರೌಟರ್ ಕೈಗೆ ಕೊಡಬೇಕು. ರೌಟರ್‌ನ ಐಪಿ ವಿಳಾಸ 192.168.1.1 ಎಂದು ಅದರ ಸೆಟ್ಟಿಂಗಿನಲ್ಲಿದೆ, ಎತರ್‌ನೆಟ್ ವಿಳಾಸ ಗೊತ್ತಿಲ್ಲ. ಹಾಗಾಗಿ ಡಿಎನ್‌ಎಸ್ ಪ್ರಶ್ನೆಗೂ ಮುಂಚೆ ಒಂದು ಎಆರ್‌ಪಿ ಪ್ರಶ್ನೆ `ff:ff:ff:ff:ff:ff` ಎಂಬ ಎಲ್ಲರ ವಿಳಾಸಕ್ಕೆ ಹೊರಡುತ್ತದೆ: 192.168.1.1 ಯಾರು? ರೌಟರ್ ತನ್ನ ಎತರ್‌ನೆಟ್ ವಿಳಾಸ ಹೇಳುತ್ತದೆ, `02:00:00:00:01:01`. ಈ ಮಾತುಕತೆ ಸ್ವಲ್ಪ ಮೊದಲೇ ನಡೆದಿದ್ದರೆ ಉತ್ತರ ನೆನಪಿನಲ್ಲೇ ಇರುತ್ತದೆ, ಆಗ ಕ್ಯಾಪ್ಚರ್‌ನಲ್ಲಿ ಎಆರ್‌ಪಿ ಕಾಣದೆಯೂ ಹೋಗಬಹುದು. ಅಂದಹಾಗೆ ಎಆರ್‌ಪಿ ಯಾವ ಪದರಕ್ಕೆ ಸೇರಿದ್ದು ಎಂಬ ಪ್ರಶ್ನೆಗೆ ಚೌಕಗಳು ಒಪ್ಪವಾದ ಉತ್ತರ ಕೊಡುವುದಿಲ್ಲ. ಅದು ಎತರ್‌ನೆಟ್ ಮೇಲೆ ಸವಾರಿ ಮಾಡುತ್ತದೆ, ಐಪಿಗಾಗಿ ದುಡಿಯುತ್ತದೆ. ಅದನ್ನು ಎರಡು ಪದರಗಳ ನಡುವಿನ ಗೆರೆಯ ಮೇಲೆಯೇ ಬರೆಯುವುದು ಒಳ್ಳೆಯದು.

ಈಗ ಫ್ರೇಮ್ ಹೊರಡುತ್ತದೆ. ಅದರ ಮೊದಲ ಆರು ಬೈಟ್‌ಗಳಲ್ಲಿ ಇರುವುದು ಸರ್ವರ್‌ನ ವಿಳಾಸವಲ್ಲ, ರೌಟರ್‌ನದು. ಮೂವತ್ತು ಬೈಟ್ ಒಳಗೆ ಹೋದರೆ ಐಪಿ ಹೆಡರಿನಲ್ಲಿ ಸರ್ವರ್‌ನ ವಿಳಾಸ ಹಾಗೇ ಇದೆ. ಪದರಗಳು ಇರುವುದೇಕೆ ಎಂಬುದು ಒಂದೇ ಫ್ರೇಮಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳ ವಿಳಾಸ ಕುಳಿತಿರುವ ಈ ಜಾಗದಲ್ಲಿ ಕಣ್ಣಿಗೆ ಕಟ್ಟುತ್ತದೆ. ತರಗತಿಯಲ್ಲಿ ಸಾಮಾನ್ಯವಾಗಿ ಲಕೋಟೆಯೊಳಗೆ ಲಕೋಟೆ ಎಂಬ ಹೋಲಿಕೆ ಕೊಡುತ್ತಾರೆ. ಅದು ಅರ್ಧ ದಾರಿಯವರೆಗೆ ಮಾತ್ರ ಸರಿ. ಅಂಚೆಯ ಲಕೋಟೆ ಕೊನೆಯವರೆಗೂ ಒಂದೇ, ಇಲ್ಲಿ ಹೊರಗಿನ ಲಕೋಟೆಯನ್ನು ಪ್ರತಿ ರೌಟರ್ ಹರಿದು ಬಿಸಾಡಿ ಹೊಸದನ್ನು ಹಾಕುತ್ತದೆ. ಹೋಲಿಕೆಯನ್ನು ನಂಬಿದ ವಿದ್ಯಾರ್ಥಿ ಮೊದಲ ಫ್ರೇಮಿನಲ್ಲೇ ಸರ್ವರ್‌ನ ಎತರ್‌ನೆಟ್ ವಿಳಾಸ ಬರೆಯುತ್ತಾನೆ. ಪದರಗಳ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಸ್ವಿಚ್ ಓದುವುದು ಎತರ್‌ನೆಟ್ ವಿಳಾಸಗಳನ್ನಷ್ಟೇ. ಕಳಿಸಿದವರ ವಿಳಾಸ ಯಾವ ತೂತಿನಿಂದ ಬಂತು ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಪಡೆಯುವವರ ವಿಳಾಸ ಯಾವ ತೂತಿನಲ್ಲಿದೆ ಎಂದು ಅದೇ ಪಟ್ಟಿಯಲ್ಲಿ ಹುಡುಕಿ ಆ ಕಡೆ ಬಿಡುತ್ತದೆ. ಒಂದು ಬೈಟನ್ನೂ ಬದಲಿಸುವುದಿಲ್ಲ.

ರೌಟರ್‌ನ ಬಳಿ ಕೆಲಸ ಹೆಚ್ಚು. ಫ್ರೇಮ್ ತನಗೇ ಬಂದದ್ದು, ಒಳಗಿರುವುದು ಐಪಿ ಎಂದು ಖಾತ್ರಿಪಡಿಸಿಕೊಂಡು ಎತರ್‌ನೆಟ್ ಹೆಡರನ್ನು ಕಳಚುತ್ತದೆ. ಐಪಿ ಹೆಡರಿನ ಚೆಕ್‌ಸಮ್ ಪರೀಕ್ಷಿಸುತ್ತದೆ, ಪಡೆಯುವವರ ವಿಳಾಸವನ್ನು ತನ್ನ ರೂಟಿಂಗ್ ಪಟ್ಟಿಯಲ್ಲಿ ನೋಡುತ್ತದೆ, ಟಿಟಿಎಲ್ ಎಂಬ ಫೀಲ್ಡಿನಿಂದ ಒಂದು ಕಳೆಯುತ್ತದೆ. ಆಚೆ ಬದಿಯಲ್ಲಿ ಸರ್ವರ್‌ನ ಎತರ್‌ನೆಟ್ ವಿಳಾಸ ಗೊತ್ತಿಲ್ಲದಿದ್ದರೆ ಅಲ್ಲಿ ತಾನೇ ಎಆರ್‌ಪಿ ಕೇಳಿ ಹೊಸ ಎತರ್‌ನೆಟ್ ಹೆಡರ್ ತೊಡಿಸುತ್ತದೆ. ರೌಟರ್ ದಾಟಿದ ಮೇಲೆ ಮೊದಲ ಎರಡು ಹೆಡರ್‌ಗಳು ಹೀಗಿರುತ್ತವೆ.

```
02 00 00 00 02 35  02 00 00 00 02 01  08 00

45 00 00 39  1c 46 00 00  3f 11 da de
c0 a8 01 0a  c0 a8 02 35
```

ಎರಡೂ ಮುದ್ರಣಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎತರ್‌ನೆಟ್ ವಿಳಾಸಗಳೆರಡೂ ಹೊಸವು. ಐಪಿ ವಿಳಾಸಗಳೆರಡೂ ಹಳೆಯವು. ಟಿಟಿಎಲ್ `40` ಇದ್ದದ್ದು `3f` ಆಗಿದೆ, ಅಂದರೆ 64 ಇದ್ದದ್ದು 63. ಚೆಕ್‌ಸಮ್ `d9de` ಇದ್ದದ್ದು `dade`. ಈ ಕೊನೆಯ ಬದಲಾವಣೆ ಎಲ್ಲಿಂದ ಬಂತು ಎಂದು ಕೈಯಲ್ಲೇ ಲೆಕ್ಕ ಮಾಡಿ ನೋಡುವುದು ಸೊಗಸಾದ ಅಭ್ಯಾಸ. ಹೆಡರನ್ನು ಎರಡೆರಡು ಬೈಟ್‌ಗಳ ಸಂಖ್ಯೆಗಳಾಗಿ ಒಡೆದು, ಚೆಕ್‌ಸಮ್ ಇರುವ ಜಾಗವನ್ನು ಸೊನ್ನೆ ಮಾಡಿ, ಎಲ್ಲವನ್ನೂ ಕೂಡಬೇಕು.

```
4500 + 0039 + 1c46 + 0000 + 4011 + 0000
     + c0a8 + 010a + c0a8 + 0235 = 2261f
261f + 2    = 2621
ffff - 2621 = d9de
```

ನಾಲ್ಕಂಕಿ ಮೀರಿ ಹೊರಗೆ ಉಳಿದ 2ನ್ನು ಮತ್ತೆ ಒಳಗೆ ಕೂಡಿ, ಬಂದದ್ದನ್ನು `ffff`ನಿಂದ ಕಳೆದರೆ ಚೆಕ್‌ಸಮ್ ಸಿಗುತ್ತದೆ. `4011`ರ ಜಾಗದಲ್ಲಿ `3f11` ಬಂದರೆ ಮೊತ್ತ `0100`ರಷ್ಟು ಇಳಿಯುತ್ತದೆ, ಆದ್ದರಿಂದ ಚೆಕ್‌ಸಮ್ ಅಷ್ಟೇ ಏರುತ್ತದೆ. ಪ್ರತಿ ರೌಟರ್ ಪ್ರತಿ ಪ್ಯಾಕೆಟ್ಟಿಗೂ ಈ ತಿದ್ದುಪಡಿ ಮಾಡಬೇಕಾಗಿ ಬಂದದ್ದು ಟಿಟಿಎಲ್‌ನಿಂದಲೇ. ಐಪಿಯ ಆರನೆಯ ಆವೃತ್ತಿಯ ಹೆಡರಿನಲ್ಲಿ ಚೆಕ್‌ಸಮ್ ಫೀಲ್ಡನ್ನೇ ತೆಗೆದುಹಾಕಿದ್ದಾರೆ. ಅಲ್ಲಿ ರೌಟರ್ ಒಂದು ಕಳೆದು ಮುಂದೆ ಕಳಿಸಿದರೆ ಸಾಕು.

ಯುಡಿಪಿಯ `a1 4d` ಎಂಬ ಚೆಕ್‌ಸಮ್ ಮಾತ್ರ ರೌಟರ್ ದಾಟಿದರೂ ಬದಲಾಗಿಲ್ಲ. ರೌಟರ್ ಅದನ್ನು ನೋಡುವುದೂ ಇಲ್ಲ. ಆದರೆ ಆ ಲೆಕ್ಕದೊಳಗೆ ಒಂದು ವಿಶೇಷವಿದೆ. ಯುಡಿಪಿ ತನ್ನ ಹೆಡರ್ ಮತ್ತು ಸರಕಿನ ಜೊತೆಗೆ ಐಪಿಯ ಎರಡು ವಿಳಾಸಗಳನ್ನು, ಪ್ರೋಟೋಕಾಲ್ ಸಂಖ್ಯೆ 17ನ್ನು, ತನ್ನ ಉದ್ದವನ್ನು ಕೂಡಿಸಿಕೊಂಡು ಲೆಕ್ಕ ಹಾಕುತ್ತದೆ. ಪ್ಯಾಕೆಟ್ ದಾರಿ ತಪ್ಪಿ ಬೇರೆ ಯಂತ್ರಕ್ಕೆ ಹೋದರೆ ಪತ್ತೆಯಾಗಲಿ ಎಂದು ಮಾಡಿದ ಏರ್ಪಾಡು ಇದು. ಯಾವ ಪದರವೂ ಇನ್ನೊಂದರ ಹೆಡರಿಗೆ ಕೈಹಾಕುವುದಿಲ್ಲ ಎಂದು ಉಪನ್ಯಾಸದಲ್ಲಿ ಹೇಳಿದ ನಿಯಮ ಇಲ್ಲಿ ಮುರಿದಿದೆ. ಚಿತ್ರದಲ್ಲಿ ಇದನ್ನು ಮುಚ್ಚಿಡಬಾರದು. ಯುಡಿಪಿ ಚೆಕ್‌ಸಮ್‌ನಿಂದ ಐಪಿ ವಿಳಾಸಗಳಿಗೆ ಚುಕ್ಕೆಗೆರೆ ಎಳೆಯಬೇಕು. ಮನೆಯ ರೌಟರ್‌ಗಳು ಮಾಡುವ ವಿಳಾಸ ಬದಲಾವಣೆ ಐಪಿ ಹೆಡರಿನಲ್ಲೇ ಮುಗಿಯದೆ ಯುಡಿಪಿ ಚೆಕ್‌ಸಮ್‌ವರೆಗೂ ಏಕೆ ಹಬ್ಬುತ್ತದೆ ಎಂಬುದು ಆ ಚುಕ್ಕೆಗೆರೆಯಿಂದಲೇ ತಿಳಿಯುತ್ತದೆ.

ಚಿತ್ರವನ್ನು ಕ್ಯಾಪ್ಚರ್ ಜೊತೆ ಹೋಲಿಸುವಾಗ ಕೆಲವು ಕಡೆ ಎರಡೂ ತಾಳೆಯಾಗದೆ ಗಾಬರಿಯಾಗಬಹುದು. ಕಳಿಸುವ ಯಂತ್ರದಲ್ಲೇ ಹಿಡಿದ ಪ್ಯಾಕೆಟ್ಟಿನಲ್ಲಿ ಯುಡಿಪಿ ಚೆಕ್‌ಸಮ್ ತಪ್ಪಾಗಿದೆ ಎಂದು ವೈರ್‌ಶಾರ್ಕ್ ದೂರುವುದುಂಟು. ಜಾಲ ಕೆಟ್ಟಿಲ್ಲ. ಇಂದಿನ ಕಾರ್ಡ್‌ಗಳು ಚೆಕ್‌ಸಮ್ ಲೆಕ್ಕವನ್ನು ತಾವೇ ವಹಿಸಿಕೊಳ್ಳುತ್ತವೆ, ಪ್ಯಾಕೆಟ್ ಕಾರ್ಡಿಗೆ ತಲುಪುವ ಮೊದಲೇ ಅದರ ಪ್ರತಿ ಕ್ಯಾಪ್ಚರ್‌ಗೆ ಸಿಕ್ಕಿರುತ್ತದೆ. ಅದೇ ಪ್ಯಾಕೆಟ್ಟನ್ನು ಸರ್ವರ್‌ನಲ್ಲಿ ಹಿಡಿದರೆ ಚೆಕ್‌ಸಮ್ ಸರಿಯಾಗಿರುತ್ತದೆ. ಎಆರ್‌ಪಿಯ ಉದ್ದದಲ್ಲೂ ಇಂಥದೇ ವ್ಯತ್ಯಾಸ. ಕಳಿಸುವಲ್ಲಿ 42 ಬೈಟ್ ಇದ್ದ ಫ್ರೇಮ್ ಪಡೆಯುವಲ್ಲಿ 60 ಆಗಿರುತ್ತದೆ. ಎತರ್‌ನೆಟ್ ಫ್ರೇಮ್ ಕಡೆಯ ನಾಲ್ಕು ಬೈಟ್‌ಗಳ ತಪಾಸಣಾ ಸಂಖ್ಯೆ ಸೇರಿ ಕನಿಷ್ಠ 64 ಬೈಟ್ ಇರಲೇಬೇಕು, ಅದಕ್ಕಾಗಿ ಸೊನ್ನೆಗಳನ್ನು ತುಂಬಲಾಗುತ್ತದೆ. ಆ ನಾಲ್ಕು ಬೈಟ್ ಸಾಮಾನ್ಯವಾಗಿ ಕ್ಯಾಪ್ಚರ್‌ನಲ್ಲಿ ಕಾಣುವುದಿಲ್ಲ. ನಮ್ಮ 71 ಬೈಟ್‌ನ ಫ್ರೇಮ್ ತಂತಿಯ ಮೇಲೆ 75. ಎತರ್‌ನೆಟ್ ಪದರವನ್ನು ತಲೆಯಲ್ಲಿ ಹೆಡರ್, ಬಾಲದಲ್ಲಿ ಈ ಸಂಖ್ಯೆ ಇಟ್ಟು ಎರಡೂ ಕಡೆಯಿಂದ ಸುತ್ತುವಂತೆ ಬರೆಯಬೇಕು. ಇನ್ನು ವೈಫೈ ಮೇಲೆ ಈ ಪ್ರಯೋಗ ಮಾಡಿದರೆ ಸಾಮಾನ್ಯ ಕ್ಯಾಪ್ಚರ್‌ನಲ್ಲಿ ಕಾಣುವ ಎತರ್‌ನೆಟ್ ಹೆಡರ್ ಗಾಳಿಯಲ್ಲಿ ಹೋದದ್ದಲ್ಲ, ಕಾರ್ಯವ್ಯವಸ್ಥೆ ಕಟ್ಟಿಕೊಟ್ಟದ್ದು. ಮೊದಲ ಚಿತ್ರಕ್ಕೆ ತಂತಿಯೇ ಒಳ್ಳೆಯದು.

ಸರ್ವರ್ ತಲುಪಿದ ಪ್ಯಾಕೆಟ್ ಬಣ್ಣದ ಬಾಣಗಳ ದಾರಿ ಹಿಡಿದು ಮೇಲೇರುತ್ತದೆ: `08 00`, 17, 53. ಉತ್ತರ ಅದೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಪೋರ್ಟ್‌ಗಳು ಅದಲುಬದಲಾಗಿ 53ರಿಂದ 53124ಕ್ಕೆ ಹೊರಡುತ್ತದೆ (ಆ 53124 ಮೊದಲ ಮುದ್ರಣದ `cf 84`), ಐಪಿ ವಿಳಾಸಗಳೂ ಅದಲುಬದಲು. ಡಿಎನ್‌ಎಸ್ ಭಾಗದ ಮೊದಲ ಎರಡು ಬೈಟ್ `3a 7f` ಮಾತ್ರ ಹಾಗೆಯೇ ಮರಳುತ್ತದೆ, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಗುರುತಿಸುವುದು ಅದರಿಂದ. ಉತ್ತರದಲ್ಲಿ ಒಂದು ವಿಳಾಸ ಇದ್ದರೆ 16 ಬೈಟ್ ಹೆಚ್ಚಾಗಿ ಫ್ರೇಮ್ 87 ಬೈಟ್ ಆಗುತ್ತದೆ. ವಿದ್ಯಾರ್ಥಿ ಚಿತ್ರ ಮುಗಿಸಿದ ಮೇಲೆ, ಕ್ಯಾಪ್ಚರ್ ನೋಡುವ ಮುನ್ನ, ಈ ಉತ್ತರದ ಫ್ರೇಮ್ ತನ್ನ ಕಂಪ್ಯೂಟರ್ ತಲುಪಿದಾಗ ಹೇಗಿರುತ್ತದೆ ಎಂದು ಬರೆದಿಡಬೇಕು. ಕಳಿಸಿದವರ ಎತರ್‌ನೆಟ್ ವಿಳಾಸದ ಜಾಗದಲ್ಲಿ `02 00 00 00 01 01` ಬರೆದಿದ್ದರೆ, ಮತ್ತು ಸರ್ವರ್ 64ರಿಂದ ಶುರುಮಾಡುತ್ತದೆ ಎಂದಾದರೆ ಟಿಟಿಎಲ್ ಜಾಗದಲ್ಲಿ `3f` ಬರೆದಿದ್ದರೆ, ಅವನ ಚಿತ್ರದಲ್ಲಿ ರೌಟರ್ ಸರಿಯಾದ ಜಾಗದಲ್ಲಿ ನಿಂತಿದೆ. ಅಲ್ಲಿ ಸರ್ವರ್‌ನ `02 00 00 00 02 35` ಬರೆದಿದ್ದರೆ, ಅವನು ಮತ್ತೆ ಹೋಗಬೇಕಾದದ್ದು ರೌಟರ್‌ನ ಸೀಳಿದ ಕೆಳಪದರಕ್ಕೆ.